ಫೋಟೊ ನೋಡಿ ನಾಣ್ಯದ ಅಸಲಿತನ ಹೇಳುವಾಗ ಖಚಿತತೆಯನ್ನು ಬರೆಯುವುದು ಹೇಗೆ?

ಕಲ್ಯಾಣಪುರದ ಪರಿಚಿತರೊಬ್ಬರು ಮಂಗಳೂರಿನಲ್ಲಿ ಮಾರಾಟಕ್ಕೆ ಬಂದ ಬೆಳ್ಳಿ ರೂಪಾಯಿಯ ಎರಡು ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ‘ಅಸಲಿಯೋ ನಕಲಿಯೋ, ಒಂದೇ ಮಾತಿನಲ್ಲಿ ಹೇಳಿ ಮಾರಾಯ್ರೆ’ ಎಂದರು. ಒಂದು ಬದಿಯಲ್ಲಿ ಆರನೆಯ ಜಾರ್ಜ್ ದೊರೆಯ ಮುಖವಿತ್ತು, ಇನ್ನೊಂದರಲ್ಲಿ 1939 ಎಂಬ ಇಸವಿಯಿತ್ತು. ಆ ವರ್ಷದ ರೂಪಾಯಿ ತೀರ ಅಪರೂಪ. ಅದರ ಹಿಂದಿನ 1938ರದು ಸುಲಭವಾಗಿ ಸಿಗುತ್ತದೆ. ಹಾಗಾಗಿ 8ರ ಕೆಳಗಿನ ಎಡ ಬಾಗನ್ನು ಕೆರೆದು ಅದನ್ನು 9 ಮಾಡುವುದು ಸಂಗ್ರಾಹಕರಿಗೆ ಚೆನ್ನಾಗಿ ಪರಿಚಯವಿರುವ ಮೋಸ. ಒಂದೇ ಮಾತಿನ ಉತ್ತರ ಇಲ್ಲಿ ಪ್ರಾಮಾಣಿಕವಾಗಲಾರದು ಎಂದು ಅವರಿಗೆ ತಿಳಿಸಿ, ಅಭಿಪ್ರಾಯವನ್ನು ಬರೆದುಕೊಟ್ಟೆ. ಅದನ್ನು ಬರೆದ ಕ್ರಮ ಹೀಗಿದೆ.

ಮೊದಲು, ಫೋಟೊ ಎಷ್ಟು ತೋರಿಸಬಲ್ಲದು ಎಂಬುದನ್ನು ಅಳೆಯಬೇಕು. ಈ ನಾಣ್ಯದ ವ್ಯಾಸ 30.5 ಮಿ.ಮೀ. ಬಂದ ಚಿತ್ರದಲ್ಲಿ ಅದು ಸುಮಾರು 610 ಪಿಕ್ಸೆಲ್ ಅಗಲವಿತ್ತು, ಅಂದರೆ ಒಂದು ಮಿ.ಮೀ.ಗೆ 20 ಪಿಕ್ಸೆಲ್. ಉಳಿಯಿಂದ ಕೆರೆದ ಗೀರು 0.05 ಮಿ.ಮೀ. ಅಗಲವಿದ್ದರೆ ಅದಕ್ಕೆ ಸಿಗುವುದು ಒಂದೇ ಪಿಕ್ಸೆಲ್. ಜೆಪೆಗ್ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುವುದರಿಂದ ಅಷ್ಟು ಸಣ್ಣ ಗೀರು ಸುತ್ತಲಿನ ಬಣ್ಣದಲ್ಲಿ ಕರಗಿಹೋಗಬಹುದು. ಆದ್ದರಿಂದ ‘ತಿದ್ದಿದ ಗುರುತು ಕಾಣಲಿಲ್ಲ’ ಎಂಬ ನನ್ನ ಮಾತಿಗೆ ಈ ಚಿತ್ರದ ಮಟ್ಟಿಗೆ ಹೆಚ್ಚು ತೂಕವಿಲ್ಲ, ಮತ್ತು ‘ತಿದ್ದಿಲ್ಲ’ ಎಂಬ ಮಾತಂತೂ ಅದರಿಂದ ಹುಟ್ಟುವುದೇ ಇಲ್ಲ. ಅಭಿಪ್ರಾಯ ಕೊಡುವವರು ಹೆಚ್ಚಾಗಿ ಎಡವುವುದು ಈ ಎರಡು ಮಾತುಗಳ ನಡುವೆ.

ಆಮೇಲೆ, ‘ಅಸಲಿಯೇ’ ಎಂಬ ಪ್ರಶ್ನೆಯನ್ನು ಬಿಡಿಸಬೇಕು. ಇಲ್ಲಿ ಎರಡು ಪ್ರಶ್ನೆಗಳಿವೆ: ನಾಣ್ಯವು ಟಂಕಸಾಲೆಯ ಅಚ್ಚಿನಿಂದ ಬಂದದ್ದೇ, ಮತ್ತು ಅದರ ಇಸವಿ ಮೂಲದ್ದೇ? ಮೊದಲನೆಯದಕ್ಕೆ ಫೋಟೊ ಸಾಕಷ್ಟು ನೆರವಾಗುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರಗಳ ಅಂಚು ಮೊಂಡಾಗಿ, ಮೈಯಲ್ಲಿ ಸಣ್ಣ ಗುಳಿಗಳು ಕಾಣಿಸುವುದುಂಟು. ಎರಡನೆಯದಕ್ಕೆ ಫೋಟೊ ದುರ್ಬಲ. ತಕ್ಕಡಿಯೂ ಅಲ್ಲಿ ಕೈಕೊಡುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ: ತಿದ್ದಿದ ನಾಣ್ಯವೂ ಮೂಲದಲ್ಲಿ ನಿಜವಾದ 1938ರ ರೂಪಾಯಿಯೇ ಆದ್ದರಿಂದ ಒಂದು ತೊಲ, ಅಂದರೆ 11.66 ಗ್ರಾಂ ತೂಕ, ವ್ಯಾಸ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ, ಅಂಚಿನ ಗೆರೆಗಳು, ಎಲ್ಲವೂ ಸರಿಯಾಗಿಯೇ ಇರುತ್ತವೆ.

ಮೂರನೆಯದಾಗಿ, ಬಳಸುವ ಪದಗಳ ಅರ್ಥವನ್ನು ಅಭಿಪ್ರಾಯದಲ್ಲೇ ಹೇಳಿಬಿಡಬೇಕು. ‘ಇರಬಹುದು’ ಎಂಬುದನ್ನು ಮಾರುವವರು ‘ಹೌದು’ ಎಂದು ಓದುತ್ತಾರೆ, ಕೊಳ್ಳುವವರು ‘ಅನುಮಾನ’ ಎಂದು ಓದುತ್ತಾರೆ. ನಾನು ‘ಬಹುತೇಕ ಖಚಿತ’ ಎಂದರೆ ಇಂಥ ಹತ್ತು ತೀರ್ಮಾನಗಳಲ್ಲಿ ಒಂಬತ್ತಾದರೂ ಸರಿಯಾಗುತ್ತವೆ ಎಂಬ ನಂಬಿಕೆ. ‘ಹೆಚ್ಚು ಸಂಭವ’ ಎಂದರೆ ಏಳು. ‘ಹೇಳಲಾಗದು’ ಎಂದರೆ ಯಾವ ಕಡೆಗೂ ವಾಲಲು ಆಧಾರವಿಲ್ಲ. ಇವು ಲೆಕ್ಕ ಹಾಕಿ ತೆಗೆದ ಸಂಖ್ಯೆಗಳಲ್ಲ, ನನ್ನ ಅಂದಾಜು ಮಾತ್ರ ಎಂಬುದನ್ನೂ ಬರೆಯುತ್ತೇನೆ.

ಅವರಿಗೆ ಕೊಟ್ಟ ಅಭಿಪ್ರಾಯ ಇದು: ‘ಎರಡು ಫೋಟೊಗಳನ್ನಷ್ಟೇ ನೋಡಿದ್ದೇನೆ, ಅಂಚನ್ನು ನೋಡಿಲ್ಲ, ತೂಕ ತಿಳಿದಿಲ್ಲ. ಅಚ್ಚೊತ್ತಿದ ಅಸಲಿ ರೂಪಾಯಿ ಎಂಬುದು ಹೆಚ್ಚು ಸಂಭವ. ಅಕ್ಷರಗಳ ಅಂಚು ಚೂಪಾಗಿದೆ, ಗುಳಿಗಳು ಕಾಣುವುದಿಲ್ಲ. ಇಸವಿಯ ಕೊನೆಯ ಅಂಕಿ ಮೂಲದ್ದೇ ಎಂಬುದನ್ನು ಈ ಚಿತ್ರಗಳಿಂದ ಹೇಳಲಾಗದು. 9ರ ಕೆಳಗಿನ ಎಡಭಾಗವನ್ನು ಓರೆ ಬೆಳಕಿನಲ್ಲಿ, ಹತ್ತುಪಟ್ಟು ಭೂತಗನ್ನಡಿಯಲ್ಲಿ ನೋಡಿದರೆ ನನ್ನ ಅಭಿಪ್ರಾಯ ಯಾವ ಕಡೆಗಾದರೂ ಬದಲಾಗಬಹುದು. ಅದಕ್ಕೆ ಮೊದಲು 1939ರ ಬೆಲೆ ಕೊಡಬೇಡಿ.’ ಅಭಿಪ್ರಾಯವನ್ನು ಏನು ಬದಲಿಸಬಲ್ಲದು ಎಂಬ ಸಾಲನ್ನು ನಾನು ಎಂದೂ ಬಿಡುವುದಿಲ್ಲ, ಏಕೆಂದರೆ ಓದಿದವರು ಮುಂದೆ ಮಾಡಬೇಕಾದ ಕೆಲಸ ಅದರಲ್ಲೇ ಇರುತ್ತದೆ.

ಹೊಸ ಫೋಟೊ ಕೇಳುವುದಾದರೆ, ಬೆಳಕು ಒಂದು ಪಕ್ಕದಿಂದ ತಗ್ಗಾಗಿ ಬೀಳುವಂತೆ ಇಟ್ಟು, ಇಸವಿಯ ಭಾಗವೊಂದನ್ನೇ ಹತ್ತಿರದಿಂದ ತೆಗೆದು, ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಬೇಕು; ಆಗ ಚಿತ್ರ ಕುಗ್ಗುವುದಿಲ್ಲ. ಆದರೆ ಬಂದ ಫೋಟೊ ಮಾರಾಟದ ನಾಣ್ಯದ್ದೇ ಎಂಬುದಕ್ಕೆ ಯಾವ ಚಿತ್ರವೂ ಖಾತರಿ ಕೊಡದು. ಅದನ್ನೂ ಒಂದು ಸಾಲಿನಲ್ಲಿ ಬರೆದಿಡುವುದು ಒಳ್ಳೆಯದು.

ಮಾರುವವರು ಒಪ್ಪಿ ನಾಣ್ಯವನ್ನೇ ತೋರಿಸಿದರು. ತೂಕ 11.6 ಗ್ರಾಂ ಬಂತು, ಅಂಚಿನ ಗೆರೆಗಳು ಸರಿಯಾಗಿದ್ದವು. ಓರೆ ಬೆಳಕಿನಲ್ಲಿ 9ರ ಕೆಳಗಿನ ಎಡಕ್ಕೆ ಸಾಸಿವೆಗಿಂತ ಚಿಕ್ಕದೊಂದು ತಗ್ಗು, ಅದರೊಳಗೆ ಒಂದೇ ದಿಕ್ಕಿಗೆ ಎಳೆದ ಗೀರುಗಳು ಕಂಡವು. ಉಳಿದ ಮೂರು ಅಂಕಿಗಳ ಸುತ್ತ ಅಂಥದ್ದೇನೂ ಇರಲಿಲ್ಲ. ಎರಡನೆಯ ಅಭಿಪ್ರಾಯದಲ್ಲಿ ‘ಅಸಲಿ ಬೆಳ್ಳಿ ರೂಪಾಯಿ: ಬಹುತೇಕ ಖಚಿತ, ಇಸವಿ ತಿದ್ದಿದ್ದು: ಬಹುತೇಕ ಖಚಿತ’ ಎಂದು ಬರೆದು, ನಾಣ್ಯವನ್ನು ನೋಡಿದ ದಿನಾಂಕವನ್ನು ಕೆಳಗೆ ಹಾಕಿದೆ. ಪರಿಚಿತರು ಅದನ್ನು 1938ರ ಬೆಲೆಗೆ ಕೇಳಿದರು, ಮಾರುವವರು ಕೊಡಲಿಲ್ಲ.