ತ್ರೀ ಬಿಎಚ್‌ಕೆ ಬಾಡಿಗೆ ಹಂಚಿಕೆ: ಟೇಪು ಬಿಟ್ಟು ಚೀಟಿ ಹಿಡಿದ ಲೆಕ್ಕ

ಮೂವರು ಸೇರಿ ಹಿಡಿದ ಮನೆಯ ಬಾಡಿಗೆಯನ್ನು, ಯಾವ ರೂಮಿಗೆ ಎಷ್ಟು ಅಂತ ಒಬ್ಬೊಬ್ಬರಿಂದಲೂ ಚೀಟಿ ಬರೆಸಿ ಹಂಚಬಹುದು ಅಂದಾಗ ಬೆಂಗಳೂರಿನಲ್ಲಿ ನನಗೆ ಸಿಕ್ಕ ಉತ್ತರ ಹೆಚ್ಚುಕಮ್ಮಿ ಒಂದೇ: "ಹರಾಜು ಹಾಕಿದರೆ ಸ್ನೇಹ ಉಳಿಯಲ್ಲ, ರೂಮು ಅಳೆದು ಭಾಗ ಹಾಕಿ ಮುಗಿಸಿ." ಈಗ ಚೀಟಿಯ ಲೆಕ್ಕದಲ್ಲೇ ಹಲವು ಮನೆಗಳು ನಡೆಯುತ್ತಿವೆ. ಅವುಗಳಲ್ಲಿ ಬಾಡಿಗೆಯ ವಿಷಯಕ್ಕೆ ಜಗಳವಾಗಿ ಯಾರೂ ಮನೆ ಬಿಟ್ಟಿಲ್ಲ. ಹಾಗಾಗಿ ಮಾಡಿದ್ದನ್ನು ಮಾಡಿದ ಹಾಗೆ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ಮೊದಲು ಅಳತೆಯ ದಾರಿ ಯಾಕೆ ಕೆಟ್ಟಿತು ಅಂತ ಹೇಳಬೇಕು. ಬಾಡಿಗೆ 48,000. ದೊಡ್ಡ ರೂಮು 14 ಅಡಿಗೆ 12, ಅದಕ್ಕೇ ಸೇರಿದ ಬಾತ್‌ರೂಮು ಸುಮಾರು 40 ಚದರ ಅಡಿ, ಬಾಲ್ಕನಿ 45. ನಡುವಿನದು 12ಕ್ಕೆ 11, ಬಾತ್‌ರೂಮು 35, ಬಾಲ್ಕನಿ ಇಲ್ಲ. ಸಣ್ಣದು 10ಕ್ಕೆ 10, ಹಾಲ್‌ನಲ್ಲಿರುವ ಕಾಮನ್ ಬಾತ್‌ರೂಮೇ ಗತಿ. ಬರೀ ರೂಮಿನ ಅಳತೆ ಹಿಡಿದರೆ ದೊಡ್ಡದಕ್ಕೆ 20,160, ನಡುವಿನದಕ್ಕೆ 15,840, ಸಣ್ಣದಕ್ಕೆ 12,000 ಬರುತ್ತದೆ. ಬಾತ್‌ರೂಮು, ಬಾಲ್ಕನಿ ಕೂಡಿಸಿದರೆ ದೊಡ್ಡದು 23,350ಕ್ಕೆ ಏರಿ ಸಣ್ಣದು 9,230ಕ್ಕೆ ಇಳಿಯುತ್ತದೆ. ಇನ್ನೊಬ್ಬರು "ಹಾಲು, ಅಡುಗೆಮನೆ ಎಲ್ಲರದ್ದೂ ತಾನೆ, ಅರ್ಧ ಬಾಡಿಗೆ ಸಮಪಾಲು ಮಾಡಿ ಉಳಿದರ್ಧಕ್ಕೆ ಮಾತ್ರ ರೂಮಿನ ಅಳತೆ ಹಿಡಿಯೋಣ" ಅನ್ನುತ್ತಾರೆ. ಆಗ ದೊಡ್ಡದು 18,080, ಸಣ್ಣದು 14,000. ಟೇಪು ಅದೇ, ಗೋಡೆ ಅದೇ, ದೊಡ್ಡ ರೂಮಿನ ಬೆಲೆ ಮಾತ್ರ 18,000ದಿಂದ 23,000ದ ತನಕ ಓಡಾಡುತ್ತದೆ. ಪ್ರತಿಯೊಬ್ಬರೂ ತಮಗೆ ಅನುಕೂಲವಾದ ಸೂತ್ರವನ್ನೇ ನ್ಯಾಯ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಬಾಲ್ಕನಿಗೆ ಇಷ್ಟು, ಅಟ್ಯಾಚ್ಡ್ ಬಾತ್‌ರೂಮಿಗೆ ಇಷ್ಟು ಅಂತ ದರ ಕಟ್ಟಿ ನೋಡಿದ್ದೂ ಆಯಿತು. ಅದೂ ನಿಲ್ಲಲಿಲ್ಲ, ಯಾಕೆಂದರೆ ಒಂದೇ ಬಾಲ್ಕನಿ ಎಲ್ಲರಿಗೂ ಒಂದೇ ಅಲ್ಲ. ಮನೆಯಿಂದಲೇ ಕೆಲಸ ಮಾಡುವವರಿಗೆ ಅದು ಬೆಳಕು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಮಲಗುವವರಿಗೆ ಅದೇ ಬಾಲ್ಕನಿ ರಸ್ತೆಯ ಹಾರ್ನು ಮತ್ತು ಬಿಸಿಲು. ಆರು ತಿಂಗಳಿಗೊಮ್ಮೆ ರೂಮು ಬದಲಿಸುವ ಉಪಾಯ ಕೇಳಲು ಚೆನ್ನ, ಆದರೆ ಮಂಚ, ಬೀರು, ಹಾಸಿಗೆ ಎಳೆದಾಡುವ ದಿನ ಬಂದಾಗ ದೊಡ್ಡ ರೂಮಿನವರು ಮುಂದೂಡುತ್ತಲೇ ಹೋಗುತ್ತಾರೆ.

ಚೀಟಿಯ ಕ್ರಮದಲ್ಲಿ ಸೂತ್ರದ ಮೇಲೆ ವಾದವೇ ಇಲ್ಲ. ಆದರೆ ಚೀಟಿ ಬರೆಯುವ ಮೊದಲು ರೂಮು ಅಂದರೆ ಏನೇನು ಅಂತ ಒಂದು ಹಾಳೆಯಲ್ಲಿ ಬರೆದಿಡಬೇಕು. ಇದನ್ನು ಬಿಟ್ಟವರೇ ಆಮೇಲೆ ಕಿತ್ತಾಡುವುದು. ಬಾಲ್ಕನಿಯಲ್ಲಿ ಮೂವರ ಬಟ್ಟೆಯೂ ಒಣಗಬೇಕಾ, ಅಥವಾ ಅದು ಆ ರೂಮಿನವರದ್ದು ಮಾತ್ರವಾ? ಯುಟಿಲಿಟಿಯಲ್ಲಿ ಬಟ್ಟೆ ಒಣಗಲು ಜಾಗ ಇಲ್ಲದ ಮನೆಯಲ್ಲಿ ದಿನಾ ಯಾರಾದರೂ ಆ ರೂಮು ಹಾದು ಹೋಗುತ್ತಾರೆ, ಆಗ ಅದು ಸೌಕರ್ಯಕ್ಕಿಂತ ತೊಂದರೆಯೇ ಹೆಚ್ಚು. ಕಾಮನ್ ಬಾತ್‌ರೂಮನ್ನು ಸಣ್ಣ ರೂಮಿನವರೇ ತೊಳೆಯಬೇಕಾ, ಬಂದ ನೆಂಟರೂ ಅದನ್ನೇ ಬಳಸುವುದರಿಂದ ಸರದಿಯಾ? ಕಾರು ನಿಲ್ಲಿಸುವ ಜಾಗ ಯಾವ ರೂಮಿಗೂ ಸೇರಿಸಬೇಡಿ, ಅದಕ್ಕೆ ಬೇರೆ ಬೆಲೆ ಕಟ್ಟಿ. ಜೊತೆಗೆ ಮೂವರೂ ಮೂರೂ ರೂಮಿನ ನಲ್ಲಿ ತಿರುಗಿಸಿ ನೋಡಿ, ಬಾತ್‌ರೂಮಿಗೆ ತಾಗಿದ ಗೋಡೆಯ ಕೆಳಭಾಗ ಮುಟ್ಟಿ ನೋಡಿ. ಬಣ್ಣ ಉಬ್ಬಿ ಪುಡಿ ಉದುರುತ್ತಿದ್ದರೆ ಒಳಗೆ ನೀರು ಇಳಿಯುತ್ತಿದೆ ಎಂದರ್ಥ. ಅದನ್ನು ಮನೆ ಸೇರಿದ ಮೇಲೆ ಕಂಡರೆ ಬರೆದ ಬೆಲೆ ಸುಳ್ಳಾಗುತ್ತದೆ.

ಆಮೇಲೆ ಪ್ರತಿಯೊಬ್ಬರೂ ಒಂದೊಂದು ಚೀಟಿಯಲ್ಲಿ ಮೂರೂ ರೂಮಿಗೆ ಬೆಲೆ ಬರೆಯುತ್ತಾರೆ. ಷರತ್ತು ಒಂದೇ: ಮೂರರ ಮೊತ್ತ ಸರಿಯಾಗಿ 48,000 ಆಗಬೇಕು. ಒಂದು ಮನೆಯಲ್ಲಿ ಬಂದದ್ದು ಹೀಗಿತ್ತು:

| | ದೊಡ್ಡದು | ನಡುವಿನದು | ಸಣ್ಣದು |
|---|---|---|---|
| ಮನೆಯಿಂದ ಕೆಲಸ ಮಾಡುವವರು | 21,000 | 15,000 | 12,000 |
| ರಾತ್ರಿ ಪಾಳಿಯವರು | 17,000 | 17,500 | 13,500 |
| ಊರಿಗೆ ದುಡ್ಡು ಕಳಿಸುವವರು | 18,500 | 15,500 | 14,000 |

ಮೂವರನ್ನು ಮೂರು ರೂಮಿಗೆ ಕೂರಿಸಲು ಆರು ಬಗೆ ಇವೆ. ಆರನ್ನೂ ಕೂಡಿ ನೋಡಿ, ಮೊತ್ತ ಹೆಚ್ಚು ಬರುವುದನ್ನು ಹಿಡಿಯಬೇಕು. ಇಲ್ಲಿ 21,000, 17,500, 14,000 ಸೇರಿ 52,500, ಬೇರೆ ಯಾವುದೂ ಇದನ್ನು ಮೀರುವುದಿಲ್ಲ. ಓನರ್‌ಗೆ ಕೊಡಬೇಕಾದ್ದು 48,000. ಉಳಿದ 4,500 ಮೂವರಿಗೂ ಸಮ, ತಲಾ 1,500 ಇಳಿಕೆ. ದೊಡ್ಡದು 19,500, ನಡುವಿನದು 16,000, ಸಣ್ಣದು 12,500. ಎಲ್ಲರೂ ತಾವು ಬರೆದದ್ದಕ್ಕಿಂತ ಕಡಿಮೆಯೇ ಕೊಡುತ್ತಿದ್ದಾರೆ. ಈ ಸಾಲು ಓದಿ ಹೇಳಿದಾಗ ರೂಮಿನಲ್ಲಿ ಬಿಗಿ ಸಡಿಲವಾಗುವುದನ್ನು ನಾನು ಪ್ರತಿ ಸಲವೂ ನೋಡಿದ್ದೇನೆ.

ಇಲ್ಲಿಗೇ ನಿಲ್ಲಿಸುವವರು ತುಂಬಾ ಜನ, ಆದರೆ ನಿಲ್ಲಿಸಬಾರದು. ಪರೀಕ್ಷೆ ಒಂದು ಬಾಕಿ ಇದೆ. ಪ್ರತಿಯೊಬ್ಬರೂ ತಮ್ಮ ಚೀಟಿ ಹಿಡಿದು, ಇನ್ನೊಂದು ರೂಮನ್ನು ಅದರ ಬೆಲೆಗೆ ತೆಗೆದುಕೊಂಡಿದ್ದರೆ ಹೆಚ್ಚು ಉಳಿಯುತ್ತಿತ್ತಾ ಅಂತ ನೋಡಬೇಕು. ರಾತ್ರಿ ಪಾಳಿಯವರಿಗೆ ನಡುವಿನ ರೂಮಿನಲ್ಲಿ 1,500 ಉಳಿತಾಯ, ಸಣ್ಣದರಲ್ಲಿ 13,500ರಿಂದ 12,500 ಕಳೆದರೆ 1,000. ಸರಿ. ಉಳಿದಿಬ್ಬರಿಗೂ ಪಕ್ಕದ ರೂಮು ನಷ್ಟವೇ.

ಅದೇ ರಾತ್ರಿ ಪಾಳಿಯವರು 16,500, 17,000, 14,500 ಅಂತ ಬರೆದಿದ್ದರೆ ನೋಡಿ. ಯಾರು ಯಾವ ರೂಮು ಅನ್ನುವುದು ಬದಲಾಗುವುದಿಲ್ಲ, ಮೊತ್ತ 52,000, ತಲಾ ಇಳಿಕೆ 1,333. ನಡುವಿನದು 15,667, ಸಣ್ಣದು 12,667. ಈಗ ಅವರಿಗೆ ಸಣ್ಣ ರೂಮಿನಲ್ಲಿ 1,833 ಉಳಿಯುತ್ತದೆ, ತಮ್ಮದರಲ್ಲಿ 1,333 ಮಾತ್ರ. ಮೂರನೇ ತಿಂಗಳು "ನನಗೆ ಸಣ್ಣದೇ ಸಾಕಿತ್ತು" ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ. ಸರಿಪಡಿಸುವುದು ಸುಲಭ: ನಡುವಿನದರಿಂದ 250 ಇಳಿಸಿ ಸಣ್ಣದಕ್ಕೆ 250 ಏರಿಸಿ. ಎರಡರ ನಡುವಿನ ಅಂತರ 3,000ದಿಂದ 2,500ಕ್ಕೆ ಬಂತು, ಅವರ ಚೀಟಿಯಲ್ಲಿರುವ ಅಂತರವೂ ಅಷ್ಟೇ. ಸಣ್ಣ ರೂಮಿನವರಿಗೆ ಆಗಲೂ ಸಾವಿರದ ಮೇಲೆ ಉಳಿತಾಯವಿದೆ, ನಡುವಿನದರ ಮೇಲೆ ಆಸೆ ಬರುವುದಿಲ್ಲ. ಕೊನೆಗೆ 19,650, 15,400, 12,950 ಅಂತ ದುಂಡಗೆ ಮಾಡಿದರೆ ಮುಗಿಯಿತು. ಹೀಗೆ ಎಲ್ಲರಿಗೂ ಒಪ್ಪುವ ಬೆಲೆ ಯಾವಾಗಲೂ ಸಿಗುತ್ತದಾ ಅಂತ ಕೇಳುತ್ತಾರೆ. ಮೊತ್ತ ಹೆಚ್ಚು ಬರುವ ಜೋಡಣೆ ಹಿಡಿದಿದ್ದರೆ ಸಿಕ್ಕೇ ಸಿಗುತ್ತದೆ. ನಾಲ್ಕು ರೂಮಾದರೆ 24 ಬಗೆ, ಆಗ ಪೇಪರ್ ಬಿಟ್ಟು ಎಕ್ಸೆಲ್ ತೆರೆಯಿರಿ.

ಎರಡು ಜೋಡಣೆಗೆ ಒಂದೇ ಮೊತ್ತ ಬಂದಾಗ ಮಾಡಬೇಕಾದ್ದು ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೇ ಗೊತ್ತಾದರೆ ಅದಕ್ಕೆ ತಕ್ಕಂತೆ ಚೀಟಿ ಬರೆಯುವವರು ಇರುತ್ತಾರೆ.

ಈ ಕ್ರಮ ಕೆಡುವುದು ಎರಡು ಕಡೆ. ಒಂದು, ಒಬ್ಬರ ಚೀಟಿ ಇನ್ನೊಬ್ಬರು ಮೊದಲೇ ನೋಡಿದಾಗ. ದೊಡ್ಡ ರೂಮಿಗೆ ಎರಡನೇ ಹೆಚ್ಚಿನ ಬೆಲೆ 18,500 ಅಂತ ಗೊತ್ತಾದರೆ 21,000 ಬರೆಯಬೇಕಿದ್ದವರು 19,000 ಬರೆದು, ಉಳಿದ ಎರಡು ಸಾವಿರವನ್ನು ಬೇರೆ ರೂಮುಗಳಿಗೆ ಹಂಚುತ್ತಾರೆ. ರೂಮು ಅವರಿಗೇ ಹೋಗುತ್ತದೆ, ಹೊರೆ ಇನ್ನಿಬ್ಬರ ಮೇಲೆ. ಬಾಯಲ್ಲಿ ಕೂಗುವ ಹರಾಜಂತೂ ಬೇಡವೇ ಬೇಡ, ಸಂಕೋಚದವರು ಮೊದಲ ಸುತ್ತಿಗೇ ಸುಮ್ಮನಾಗಿ ಸಣ್ಣ ರೂಮಿಗೆ ಹೆಚ್ಚು ತೆರುತ್ತಾರೆ. ಮಡಿಸಿದ ಚೀಟಿ ಒಟ್ಟಿಗೆ ಬಿಚ್ಚಿ, ಅಥವಾ ಒಂದೇ ನಿಮಿಷಕ್ಕೆ ವಾಟ್ಸಾಪ್ ಗ್ರೂಪಿಗೆ ಹಾಕಿ.

ಇನ್ನೊಂದು ಕಷ್ಟದ್ದು. ಒಬ್ಬರ ಕೈಯಲ್ಲಿ ಎಷ್ಟು ಎಳೆದರೂ 12,000ಕ್ಕಿಂತ ಹೆಚ್ಚು ಆಗದು ಅಂದರೆ, ಮೊತ್ತ 48,000 ಆಗಲೇಬೇಕೆಂಬ ಷರತ್ತು ಅವರಿಂದ ಸುಳ್ಳು ಬೆಲೆ ಬರೆಸುತ್ತದೆ. ಅಂಥವರು ಮೊದಲೇ ಹೇಳಬೇಕು, ಉಳಿದಿಬ್ಬರು ಸಣ್ಣ ರೂಮನ್ನು 12,000ಕ್ಕೆ ಬಿಡಲು ಒಪ್ಪಬೇಕು, ಆಮೇಲೆ ಉಳಿದ 36,000ಕ್ಕೆ ಇಬ್ಬರೇ ಚೀಟಿ ಬರೆಯಬೇಕು. ಒಪ್ಪದಿದ್ದರೆ ಆ ಮನೆ ಆ ಮೂವರಿಗೆ ಸರಿಹೊಂದದು, ಅಡ್ವಾನ್ಸ್ ಕೊಡುವ ಮೊದಲೇ ಬಿಡುವುದು ಒಳ್ಳೆಯದು.

ವರ್ಷಕ್ಕೆ ಐದು ಪರ್ಸೆಂಟ್ ಏರಿದಾಗ ಬಾಡಿಗೆ 50,400. ಎಲ್ಲರ ಪಾಲನ್ನೂ ಐದು ಪರ್ಸೆಂಟ್ ಏರಿಸುವುದು ರೂಢಿ. ನಾನು 2,400ನ್ನು ಸಮವಾಗಿ ತಲಾ 800 ಮಾಡಿಸುತ್ತೇನೆ. ರೂಮು ರೂಮಿನ ನಡುವಿನ ಅಂತರ ಬದಲಾಗದ ಕಾರಣ ಮೊದಲು ಪಾಸಾದ ಪರೀಕ್ಷೆ ಹಾಗೇ ಪಾಸಾಗಿರುತ್ತದೆ, ಹೊಸ ಚೀಟಿ ಬೇಕಿಲ್ಲ. ಪರ್ಸೆಂಟ್ ಲೆಕ್ಕದಲ್ಲಿ ಅಂತರ ವರ್ಷವರ್ಷವೂ ಹಿಗ್ಗುತ್ತದೆ, ಬಾಲ್ಕನಿ ಮಾತ್ರ ಅಷ್ಟೇ ಇರುತ್ತದೆ.

ಮೇಂಟೆನೆನ್ಸ್, ವೈಫೈ, ಕೆಲಸದವರ ಸಂಬಳ ತಲೆಗೆ ಸಮ, ಅದರಲ್ಲಿ ಮಾತಿಲ್ಲ. ಕರೆಂಟಿನಲ್ಲಿ ಒಂದು ಪ್ರಯೋಗ ಮಾಡಿದ್ದುಂಟು: ಪ್ರತಿ ಗೀಸರ್‌ಗೂ ಸಬ್‌ಮೀಟರ್. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ಮೂರೂ ಗೀಸರ್‌ಗಳ ವ್ಯತ್ಯಾಸ ಮೀಟರಿನ ಖರ್ಚಿಗೂ ಸಾಲಲಿಲ್ಲ, ತೆಗೆಸಿಬಿಟ್ಟೆವು. ಎಸಿ ಬೇರೆ. ಒಂದು ರೂಮಿನಲ್ಲಿ ಮಾತ್ರ ಎಸಿ ಇದ್ದರೆ ಸಬ್‌ಮೀಟರ್ ಹಾಕಿಸಿ, ಒಂದೇ ಬೇಸಿಗೆಯಲ್ಲಿ ಅದರ ದುಡ್ಡು ಹುಟ್ಟುತ್ತದೆ.

ಅಡ್ವಾನ್ಸ್ ಮೂರು ಲಕ್ಷ ಅಂದರೆ ಅದನ್ನೂ ಬಾಡಿಗೆಯ ಅನುಪಾತದಲ್ಲೇ ಹಾಕಿ: 1,21,875, ಒಂದು ಲಕ್ಷ, 78,125. ಅಗ್ರಿಮೆಂಟಿನಲ್ಲಿ ಮೂವರ ಹೆಸರೂ, ಅವರವರ ಪಾಲೂ ಬರೆಸಿ. ಎಚ್‌ಆರ್‌ಎ ಪಡೆಯುವವರ ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಆಫೀಸಿನಲ್ಲಿ ಓನರ್‌ನ ಪ್ಯಾನ್ ಕೇಳುತ್ತಾರೆ, ಈ ಮನೆಯಲ್ಲಿ ಸಣ್ಣ ರೂಮಿನವರೂ ದಾಟುತ್ತಾರೆ.

ದುಡ್ಡು ನಿಜಕ್ಕೂ ಕೈಬಿಡುವುದು ಪೇಂಟಿಂಗ್ ಹೆಸರಿನಲ್ಲಿ. ಬಿಡುವಾಗ ಒಂದು ತಿಂಗಳ ಬಾಡಿಗೆ, ಅಂದರೆ 48,000, ಹಿಡಿಯುತ್ತಾರೆ, ಕೊನೆಯಲ್ಲಿ ಇದ್ದವರೇ ಅದನ್ನು ಪೂರ್ತಿ ತೆರಬೇಕಾಗುತ್ತದೆ. ಹಾಗಾಗಿ ಮೊದಲ ದಿನವೇ ರೂಮಿಗೆ 16,000 ಅಂತ ಗೊತ್ತುಮಾಡಿ, 24 ತಿಂಗಳಿಗೆ ಹರಡಿ. ನಡುವಿನ ರೂಮಿನವರು 12 ತಿಂಗಳಿಗೆ ಬಿಟ್ಟರೆ ಅವರ ಪಾಲು 8,000. ಹೊಸಬರು ಅವರಿಗೆ ಒಂದು ಲಕ್ಷದ ಬದಲು 92,000 ಕೊಟ್ಟು ಒಳಗೆ ಬರುತ್ತಾರೆ, ಕೊನೆಗೆ ಓನರ್ ಹಿಡಿದ 16,000ದಲ್ಲಿ ಹೊಸಬರ ಕೈಯಿಂದ ಹೋಗುವುದು ಉಳಿದ 8,000 ಮಾತ್ರ. ಹೊಸಬರಿಗೆ ರೂಮು ತೋರಿಸುವ ಮೊದಲು ಹಳೆಯ ಇಬ್ಬರಿಗೆ ಅದೇ ಬೆಲೆಗೆ ಆ ರೂಮಿಗೆ ಹೋಗುವ ಅವಕಾಶ ಕೊಡಿ. ಬೇಡ ಅಂದರೆ ಆ ಮಾತನ್ನು ಗ್ರೂಪಿನಲ್ಲೇ ಬರೆಸಿಕೊಳ್ಳಿ.