ಬಾಯಲ್ಲಿ ಉದ್ಧರಣ ಚಿಹ್ನೆ ಇಲ್ಲ

ಮಂಗನ ಕಾಯಿಲೆಯ ಕುರಿತ ನನ್ನ ಪ್ರಬಂಧದ ಮೌಖಿಕ ಪರೀಕ್ಷೆಗೆ ಶಂಕರಘಟ್ಟದಲ್ಲಿ ತಯಾರಿ ನಡೆಸುವಾಗ ನಾನು ಹೆಚ್ಚು ಹೊತ್ತು ಕೊಟ್ಟದ್ದು ಸ್ಲೈಡುಗಳಿಗಲ್ಲ, ಓದಬೇಕಾದ ಪ್ರತಿಗೆ. ಪ್ರಬಂಧದಲ್ಲಿ ಎರವಲು ಮಾತಿಗೆ ಉದ್ಧರಣ ಚಿಹ್ನೆಯಿರುತ್ತದೆ, ಆವರಣದಲ್ಲಿ ಹೆಸರೂ ವರ್ಷವೂ ಇರುತ್ತವೆ. ಗಟ್ಟಿಯಾಗಿ ಓದಿದಾಗ ಇವು ಯಾವುವೂ ಕೇಳಿಸುವುದಿಲ್ಲ. ಓದಲು ಸಲೀಸಾಗಲಿ ಎಂದು ಆವರಣಗಳನ್ನು ತೆಗೆದ ಪ್ರತಿಯಲ್ಲಂತೂ ಬೇರೆಯವರ ವಾಕ್ಯ ನಮ್ಮದೇ ದನಿಯಲ್ಲಿ ಹರಿದುಹೋಗುತ್ತದೆ. ಸ್ಲೈಡಿನ ಅಡಿಯಲ್ಲಿ ಸಣ್ಣಕ್ಷರದ ಹೆಸರಿದ್ದರೂ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅದು ಕಾಣುವುದಿಲ್ಲ.

ಆದ್ದರಿಂದ ಪ್ರತಿಯನ್ನು ಮಗುಚಿಟ್ಟು ಒಂದೊಂದು ಭಾಗವನ್ನೂ ಸ್ವಂತ ಮಾತಿನಲ್ಲಿ ಹೇಳಿ ನೋಡಿದೆ. ಪ್ರತಿಯಿಲ್ಲದೆ ಹೇಳಲು ಬಾರದ, ನಾನು ಬಳಸದ ಪದಗಳಿಂದ ಕಟ್ಟಿದ ವಾಕ್ಯಗಳ ಕೆಳಗೆ ಗೆರೆ ಎಳೆದು ಮೂಲ ಲೇಖನದೊಂದಿಗೆ ಹೋಲಿಸಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ವಾಕ್ಯಗಳನ್ನು ಹೀಗೆ ಹಿಡಿಯುವುದು ಕಷ್ಟ, ಏಕೆಂದರೆ ಪದಗಳು ನಮ್ಮವಾಗಿರುತ್ತವೆ, ವಾದದ ಜೋಡಣೆ ಮಾತ್ರ ಅವರದಾಗಿರುತ್ತದೆ. ಅವುಗಳಿಗೆ ಟಿಪ್ಪಣಿ ಪುಸ್ತಕವನ್ನೇ ತೆರೆಯಬೇಕಾಯಿತು.

ಒಂದು ಉದಾಹರಣೆ ಕೊಡುತ್ತೇನೆ. ಕಾಡು ತೆರವಾಗಿ, ಜನವಸತಿ ಹೆಚ್ಚಿ, ದನಗಳು ಕಾಡಿನಲ್ಲಿ ಮೇಯತೊಡಗಿದ್ದರಿಂದ ಈ ರೋಗ ಹರಡುವ ಉಣುಗುಗಳು ಹೆಚ್ಚಿದವು ಎಂಬ ವಾದ 1969ರ ಬೋಶೆಲ್ ಅವರ ಲೇಖನದ್ದು. ಹಾಗೆಯೇ ಓದಿದ್ದರೆ ಅದು ನನ್ನ ಕ್ಷೇತ್ರಕಾರ್ಯದ ಫಲಿತಾಂಶವೆಂದೇ ಪರೀಕ್ಷಕರು ತಿಳಿಯುತ್ತಿದ್ದರು. ಆದ್ದರಿಂದ "ಈಗ ಹೇಳುವುದು 1969ರಲ್ಲಿ ಬೋಶೆಲ್ ಮಂಡಿಸಿದ ವಾದ" ಎಂದು ಮೊದಲೇ ಬರೆದುಕೊಂಡೆ. ಕೇಳುವವರು ಹಿಂದಿರುಗಿ ಓದಲಾರರು, ಹೀಗಾಗಿ ಹೆಸರು ವಾಕ್ಯದ ಮುಂದೆಯೇ ಬರಬೇಕು. ಕೊನೆಯಲ್ಲಿ "ಅವರ ವಾದ ಇಲ್ಲಿಗೆ ನಿಲ್ಲುತ್ತದೆ, ಮುಂದಿನದು ಸೊರಬದ ಕಡೆ ನಾನು ಸಂಗ್ರಹಿಸಿದ ಮಾಹಿತಿ" ಎಂದು ಸೇರಿಸಿದೆ. ಈ ಕೊನೆಯ ಗಡಿಯನ್ನು ಬಹಳ ಮಂದಿ ಹೇಳುವುದೇ ಇಲ್ಲ. ಹೆಸರು ಹೇಳಿದ ಮೇಲೆ ಬರುವ ನಾಲ್ಕೈದು ವಾಕ್ಯಗಳಲ್ಲಿ ಯಾವುದು ಯಾರದೆಂದು ಆಗ ತಿಳಿಯುವುದಿಲ್ಲ. ಲೇಖಕರ ಪದಗಳನ್ನೇ ಉಳಿಸಿಕೊಂಡ ಕಡೆ "ಅವರದೇ ವಾಕ್ಯ ಓದುತ್ತೇನೆ" ಎಂದು ಹೇಳಿ, ಕೊಂಚ ನಿಂತು ಓದಿದೆ. ಮೂಲ ಸಿಗದೆ ಇನ್ನೊಂದು ಲೇಖನದಲ್ಲಿ ಓದಿದ್ದನ್ನು, ಅಲ್ಲಿಯೇ ಓದಿದ್ದೆಂದು ಹೇಳಿದೆ.

ಎಲ್ಲಕ್ಕೂ ಹೆಸರು ಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ರೋಗ ಪತ್ತೆಯಾದದ್ದು ಈ ಕ್ಷೇತ್ರದ ಎಲ್ಲರಿಗೂ ಗೊತ್ತು. ಮಂಗಗಳು ಸತ್ತುಬಿದ್ದ ಜಾಗಗಳನ್ನು ತೋರಿಸಿ ವಿವರಿಸಿದ ದನಗಾಹಿಗಳ ವಿಷಯ ಹಾಗಲ್ಲ. ಅವರನ್ನು ಕೊನೆಯ ಸ್ಲೈಡಿನ ಕೃತಜ್ಞತೆಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಅವರ ಗಮನಿಕೆಯನ್ನು ಬಳಸಿದ ನಕ್ಷೆಯ ಎದುರಲ್ಲೇ, ಇದನ್ನು ಮೊದಲು ಗುರುತಿಸಿದವರು ಊರಿನ ದನಗಾಹಿಗಳು, ನಾನು ನಕ್ಷೆಗೆ ಹಾಕಿದೆ ಎಂದು ಹೇಳಿದೆ. ಆ ನಕ್ಷೆಯ ಬಗ್ಗೆ ಪರೀಕ್ಷಕರು ಕೇಳಿದಾಗ, ಎಷ್ಟು ಭಾಗ ಅವರ ತಿಳಿವಳಿಕೆ, ಎಷ್ಟು ನನ್ನ ಅಳತೆ ಎಂದು ಬಿಡಿಸಿ ಹೇಳಲು ತಡವರಿಸಬೇಕಾಗಲಿಲ್ಲ.