ಎರಡೂ ಕಡೆ ತಾಳೆ ಆಗದ ಬ್ಯಾಲೆನ್ಸ್ ಶೀಟ್: ತಪ್ಪು ಹುಡುಕುವುದು ಹೇಗೆ?

ಕೈಬರಹದ ಬ್ಯಾಲೆನ್ಸ್ ಶೀಟ್ ತಾಳೆ ಆಗದಿದ್ದಾಗ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ? ವ್ಯತ್ಯಾಸ ಎಷ್ಟಿದೆಯೋ ಅಷ್ಟನ್ನು ಕಡಿಮೆ ಇರುವ ಕಡೆ 'ಇತರೆ' ಅಂತ ಬರೆದು ಮುಗಿಸುವುದು. ಅಕ್ಕನ ಮಗನೂ ಹೋದ ತಿಂಗಳು ಅದನ್ನೇ ಮಾಡಿಕೊಂಡು ಬಂದಿದ್ದ. ಅವನದು ಸಣ್ಣ ದಿನಸಿ ಅಂಗಡಿ. ಎಡಕ್ಕೆ ಜವಾಬ್ದಾರಿ ಕಡೆ 3,96,900, ಬಲಕ್ಕೆ ಆಸ್ತಿ ಕಡೆ 4,25,900. ಮಧ್ಯೆ 29,000 ರೂಪಾಯಿ ಕಂದಕ. "ಮಾಮಾ, ಸಸ್ಪೆನ್ಸ್ ಅಂತ ಹಾಕಿಬಿಡ್ಲಾ?" ಅಂದ. ಬೇಡಪ್ಪ ಅಂದೆ. ಅವನ ಹಾಳೆಯನ್ನೇ ಇಟ್ಟುಕೊಂಡು, ತಪ್ಪು ಹೇಗೆ ಸಿಕ್ಕಿತು ಅಂತ ಹೇಳುತ್ತೇನೆ.

1. ಸಾಮಾನು

ತಾಳೆಪಟ್ಟಿ ಅಂದರೆ ಟ್ರಯಲ್ ಬ್ಯಾಲೆನ್ಸ್, ಹೋದ ವರ್ಷದ ಬ್ಯಾಲೆನ್ಸ್ ಶೀಟ್, ಪೆನ್ಸಿಲ್, ಒಂದು ಕೆಂಪು ಪೆನ್ನು. ತಾಳೆಪಟ್ಟಿಯೇ ತಾಳೆ ಆಗದಿದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಸರಿ ಮಾಡಿ. ವೈಟ್ನರ್ ಮಾತ್ರ ಮೇಜಿನ ಮೇಲೆ ಇರಕೂಡದು. ಬಳಿದ ಜಾಗದಲ್ಲಿ ಹಳೆಯ ಅಂಕಿ ಏನಿತ್ತು ಅಂತ ಗೊತ್ತಾಗದೇ ಹೋದರೆ ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ. ತಪ್ಪಿಗೆ ಒಂದೇ ಗೆರೆ ಎಳೆದು ಮೇಲೆ ಸರಿಯಾದದ್ದು ಬರೆಯಿರಿ.

2. ಮತ್ತೆ ಕೂಡಿಸಿ

ಹಳೆಯ ಮೊತ್ತದ ಮೇಲೆ ಕಾಗದ ಮುಚ್ಚಿ, ಕೆಳಗಿನಿಂದ ಮೇಲಕ್ಕೆ ಕೂಡಿಸಿ. ಉತ್ತರ ಕಾಣುತ್ತಿದ್ದರೆ ಮನಸ್ಸು ಆ ಉತ್ತರಕ್ಕೇ ಹೋಗುತ್ತದೆ. ಫುಟ್‌ಪಾತ್ ಕ್ಯಾಲ್ಕುಲೇಟರ್ ಇದ್ದರೆ ಇನ್ನೂ ಎಚ್ಚರ. ಅದರ ಬಟನ್ ಒಮ್ಮೆ ಒತ್ತಿದರೆ ಎರಡು ಸಲ ಬೀಳುತ್ತದೆ, 500 ಹೋಗಿ 5000 ಆಗುತ್ತದೆ. ವ್ಯತ್ಯಾಸ ಬರೀ 10, 100, 1000 ಅಂತ ಬಂದಿದ್ದರೆ ಹೆಚ್ಚಾಗಿ ಅದು ಕೂಡುವಾಗ ಕೈಬಿಟ್ಟ ದಶಕ.

ಹುಡುಗನ ಕೂಡಿಕೆ ಸರಿ ಇತ್ತು. 29,000 ಹಾಗೇ ಉಳಿಯಿತು.

3. ವ್ಯತ್ಯಾಸವನ್ನು ಓದುವುದು

ಇಲ್ಲೇ ಎಲ್ಲರೂ ಎಡವುವುದು. ವ್ಯತ್ಯಾಸ ಎಷ್ಟು ಅಂತ ನೋಡುತ್ತಾರೆ, ಆ ಅಂಕಿ ಏನು ಹೇಳುತ್ತಿದೆ ಅಂತ ಕೇಳುವುದಿಲ್ಲ.

ಮೊದಲು, ಅಷ್ಟೇ ಮೊತ್ತದ ಬಾಬ್ತು ಎಲ್ಲಾದರೂ ಇದೆಯಾ ನೋಡಿ. ಇದ್ದರೆ ಅದು ಒಂದು ಕಡೆ ಬಿಟ್ಟುಹೋಗಿದೆ. ತಾಳೆಪಟ್ಟಿಯಲ್ಲಿರುವ ಬಾಬ್ತು ಒಂದೇ ಒಂದು ಜಾಗಕ್ಕೆ ಹೋಗುತ್ತದೆ. ಆದರೆ ತಾಳೆಪಟ್ಟಿಯ ಕೆಳಗೆ ಸೂಚನೆಯಾಗಿ ಬರೆದದ್ದು ಎರಡು ಜಾಗಕ್ಕೆ ಹೋಗಬೇಕು. ವರ್ಷದ ಕೊನೆಯ ಸ್ಟಾಕು, ಸವಕಳಿ, ಕೊಡಬೇಕಾದ ಬಾಡಿಗೆ ಇವೆಲ್ಲ ಹಾಗೆ. ಉದಾಹರಣೆಗೆ ಇವನ ಕೊನೆಯ ಸ್ಟಾಕು 2,05,000. ಅದನ್ನು ವ್ಯಾಪಾರ ಖಾತೆಗೆ ಹಾಕಿ ಆಸ್ತಿ ಕಡೆ ಮರೆತಿದ್ದರೆ ವ್ಯತ್ಯಾಸ ಸರಿಯಾಗಿ 2,05,000 ಬರುತ್ತಿತ್ತು.

ಆಮೇಲೆ ವ್ಯತ್ಯಾಸವನ್ನು ಅರ್ಧ ಮಾಡಿ. ಎಡಕ್ಕೆ ಬರಬೇಕಾದ್ದನ್ನು ಬಲಕ್ಕೆ ಬರೆದರೆ ಎಡದಲ್ಲಿ ಅಷ್ಟು ಕಡಿಮೆ, ಬಲದಲ್ಲಿ ಅಷ್ಟು ಜಾಸ್ತಿ, ಒಟ್ಟು ಎರಡು ಪಟ್ಟು ಅಂತರ ಬೀಳುತ್ತದೆ. ಅದಕ್ಕೇ ಅರ್ಧದ ಅಂಕಿಯನ್ನು ಹುಡುಕುವುದು.

ಮೂರನೆಯದು 9ರ ಭಾಗಾಕಾರ. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಪೂರ್ತಿ ಭಾಗವಾಗುತ್ತದೆ. 5,500 ಬರೆಯುವ ಕಡೆ 550 ಬರೆದು ಸೊನ್ನೆ ಬಿಟ್ಟರೂ ಅಷ್ಟೇ. ಆದರೆ 9ರಿಂದ ಭಾಗವಾಯಿತು ಅಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ, ಸುಮ್ನೆ ತೆಗೆದುಕೊಂಡರೂ ಒಂಬತ್ತರಲ್ಲಿ ಒಂದು ಸಂಖ್ಯೆ 9ರಿಂದ ಭಾಗವಾಗುತ್ತದಲ್ವಾ? ಇನ್ನು ಕನ್ನಡ ಅಂಕಿಯಲ್ಲಿ ಲೆಕ್ಕ ಬರೆಯುವ ಹಿರಿಯರ ಪುಸ್ತಕವಾದರೆ ೬ ಮತ್ತು ೯ ನೋಡಿಕೊಳ್ಳಿ. ಅವಸರದ ಕೈಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆಗ ವ್ಯತ್ಯಾಸ 3, 30, 300 ಹೀಗೆ ಬರುತ್ತದೆ.

ಈಗ 29,000 ನೋಡಿ. ಅಷ್ಟು ಮೊತ್ತದ ಬಾಬ್ತು ಇಲ್ಲ. ಅರ್ಧ 14,500, ಅದೂ ಇಲ್ಲ. 9ರಿಂದ ಭಾಗವಾಗುವುದಿಲ್ಲ. ಮೂರೂ ಪರೀಕ್ಷೆ ಫೇಲ್. ಹಾಗಾದರೆ ಹೆಚ್ಚಾಗಿ ತಪ್ಪು ಒಂದಲ್ಲ, ಒಂದಕ್ಕಿಂತ ಜಾಸ್ತಿ ಇರಬೇಕು ಅಂತ ಅರ್ಥ. ಈ ಪರೀಕ್ಷೆಗಳೆಲ್ಲ ಒಂಟಿ ತಪ್ಪಿಗೆ ಮಾತ್ರ.

4. ಟಿಕ್ ಹಾಕುವುದು

ತಾಳೆಪಟ್ಟಿಯ ಒಂದೊಂದು ಸಾಲಿಗೂ ಅದು ಹೋದ ಜಾಗ ಹುಡುಕಿ, ಎರಡೂ ಕಡೆ ಕೆಂಪು ಟಿಕ್ ಹಾಕಿ. ಕಣ್ಣಲ್ಲಿ ನೋಡಿದರೆ ಸಾಲದು, ಅಂಕಿಯನ್ನು ಬಾಯಿಬಿಟ್ಟು ಓದಿ. "ನಲವತ್ತಾರು ಸಾವಿರ" ಅಂತ ತಾಳೆಪಟ್ಟಿಯಿಂದ ಓದಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಬ್ಯಾಂಕಿನ ಮುಂದೆ ಬೆರಳಿಟ್ಟಿದ್ದ ಹುಡುಗ "ಅರವತ್ತನಾಲ್ಕು" ಅಂದವನೇ ನಾಲಿಗೆ ಕಚ್ಚಿಕೊಂಡ. 46,000 ಇದ್ದದ್ದು 64,000 ಆಗಿತ್ತು. ಅದೊಂದೇ 18,000, 9ರಿಂದ ಚೆನ್ನಾಗಿ ಭಾಗವಾಗುವ ಮೊತ್ತ. ಆದರೆ ಇನ್ನೊಂದು ತಪ್ಪು ಅದರ ಜೊತೆ ಸೇರಿ ಅದನ್ನು ಮುಚ್ಚಿಟ್ಟಿತ್ತು.

ಈಗ ಆಸ್ತಿ 4,07,900ಕ್ಕೆ ಇಳಿಯಿತು. ಉಳಿದ ವ್ಯತ್ಯಾಸ 11,000. ಮತ್ತೆ ಅರ್ಧ ಮಾಡಿ: 5,500. ಮಾರ್ಚ್ ತಿಂಗಳ ಅಂಗಡಿ ಬಾಡಿಗೆ ಅಷ್ಟೇ! ಹುಡುಗ ಅದನ್ನು ಲಾಭ-ನಷ್ಟ ಖಾತೆಯಲ್ಲಿ ಬಾಡಿಗೆಗೆ ಸರಿಯಾಗಿ ಸೇರಿಸಿದ್ದ. ಆದರೆ ಬ್ಯಾಲೆನ್ಸ್ ಶೀಟಿನಲ್ಲಿ 'ಬಾಡಿಗೆ ಬಾಕಿ' ಅಂತ ಬರೆದು ಆಸ್ತಿ ಕಡೆ ಕೂರಿಸಿದ್ದ.

ಅವನದೊಬ್ಬನದೇ ತಪ್ಪಲ್ಲ. ನಮ್ಮ ಮಾತಿನಲ್ಲಿ 'ಬಾಕಿ' ಅಂದರೆ ನಾವು ಕೊಡಬೇಕಾದ್ದೂ ಹೌದು, ನಮಗೆ ಬರಬೇಕಾದ್ದೂ ಹೌದು. ಗಿರಾಕಿಗಳ ಬಾಕಿ 85,000 ಆಸ್ತಿ ಕಡೆ ಇದೆಯಲ್ಲ, ಅದರ ಪಕ್ಕದಲ್ಲೇ ಬಾಡಿಗೆ ಬಾಕಿಯೂ ಹೋಗಿ ಕುಳಿತಿತ್ತು. 'ಸಾಲ', 'ಅಡ್ವಾನ್ಸ್' ಇವೂ ಹಾಗೆಯೇ. ಅಂಗಡಿ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ಆಸ್ತಿ, ಗಿರಾಕಿಯಿಂದ ಮದುವೆ ಸಾಮಾನಿಗೆ ಪಡೆದ ಅಡ್ವಾನ್ಸ್ ಜವಾಬ್ದಾರಿ. ಅದಕ್ಕೇ ನನ್ನ ಹಠ ಇದು: ಹಾಳೆಯಲ್ಲಿ ಬರೀ 'ಬಾಕಿ' ಅಂತ ಬರೆಯಬೇಡಿ. 'ಕೊಡಬೇಕಾದ ಬಾಡಿಗೆ', 'ಬರಬೇಕಾದ ಬಾಕಿ', 'ಕೊಟ್ಟ ಅಡ್ವಾನ್ಸ್' ಅಂತ ಪೂರ್ತಿ ಬರೆಯಿರಿ. ಕೈ ಸ್ವಲ್ಪ ನೋಯುತ್ತದೆ, ಅಷ್ಟೇ.

5,500 ಎಡಕ್ಕೆ ಬಂತು. ಎರಡೂ ಕಡೆ 4,02,400. ಹುಡುಗ ಪೆನ್ನಿನ ಮುಚ್ಚಳ ಹಾಕಿದ. ತೆಗಿ ಅಂದೆ.

5. ತಾಳೆ ಆದ ಮೇಲೂ ಇರುವ ತಪ್ಪು

ಒಂದು ಖರ್ಚು ಎರಡು ಹಾಳೆಯ ನಡುವೆ ಜಾಗ ತಪ್ಪಿದ್ದರೆ ಮೊತ್ತ ಅದನ್ನು ತೋರಿಸುವುದೇ ಇಲ್ಲ. ಲಾಭ-ನಷ್ಟ ಖಾತೆಯನ್ನು ಬರೀ ಓದಿದೆ: ಸಂಬಳ 96,000, ಬಾಡಿಗೆ 66,000, ಕರೆಂಟು 21,600, ಸಾಲದ ಬಡ್ಡಿ 24,000, ಸವಕಳಿ 6,000. ಬ್ಯಾಲೆನ್ಸ್ ಶೀಟಿನಲ್ಲಿ ಬ್ಯಾಂಕ್ ಸಾಲ 1,20,000. ಹನ್ನೆರಡು ತಿಂಗಳು ಕಂತು ಕಟ್ಟಿದ ಮೇಲೂ ಸಾಲ ಒಂದು ರೂಪಾಯಿ ಇಳಿದಿಲ್ಲ, ಅದೂ ಗುಂಡಾಗಿ 1,20,000! ಜೊತೆಗೆ ಬಡ್ಡಿ ಸಾಲದ ಐದನೇ ಒಂದು ಭಾಗ. ಸಾಲದ ಬಡ್ಡಿ ದರ ಎಷ್ಟಪ್ಪಾ ಅಂದರೆ ಹನ್ನೊಂದು ಅಂದ. ಅಲ್ಲಿಗೆ ಗೊತ್ತಾಯಿತು.

ತಿಂಗಳಿಗೆ 2,000ದ ಇಎಂಐಯನ್ನು ಪೂರ್ತಿ ಬಡ್ಡಿ ಅಂತ ಬರೆದುಕೊಂಡು ಬಂದಿದ್ದ. ಬ್ಯಾಂಕಿನ ಸ್ಟೇಟ್‌ಮೆಂಟ್ ತರಿಸಿದರೆ ಅದರಲ್ಲಿ ಬಡ್ಡಿ 12,600, ಅಸಲಿಗೆ ಹೋದದ್ದು 11,400. ಸಾಲ ಉಳಿದದ್ದು 1,08,600.

ಸರಿ ಮಾಡಿದಾಗ ಏನಾಯಿತು ನೋಡಿ. ಖರ್ಚು 11,400 ಇಳಿದು ನಿವ್ವಳ ಲಾಭ 1,01,900ರಿಂದ 1,13,300ಕ್ಕೆ ಏರಿತು. ಲಾಭ ಏರಿದ್ದರಿಂದ ಬಂಡವಾಳ 1,84,900 ಇದ್ದದ್ದು 1,96,300 ಆಯಿತು. ಸಾಲ ಅಷ್ಟೇ ಇಳಿಯಿತು. ಎರಡೂ ಜವಾಬ್ದಾರಿ ಕಡೆಯವೇ ಆದ್ದರಿಂದ ಮೊತ್ತ ಮತ್ತೆ ಅದೇ 4,02,400. ತಪ್ಪಿದ್ದಾಗಲೂ ಅಷ್ಟೇ, ಸರಿಯಾದಾಗಲೂ ಅಷ್ಟೇ. ಎಕ್ಸೆಲ್‌ಗೆ ಹಾಕಿದರೆ ಸರಿಹೋಗುತ್ತದೆ ಅನ್ನುವವರಿಗೆ ಇದನ್ನೇ ತೋರಿಸುತ್ತೇನೆ. ಅದು ಚೆನ್ನಾಗಿ ಕೂಡಿಸುತ್ತದೆ, ಇಎಂಐ ಬಡ್ಡಿಯಲ್ಲ ಅಂತ ಹೇಳುವುದಿಲ್ಲ.

ಮನೆಯ ಕರೆಂಟ್ ಬಿಲ್ಲನ್ನು ಅಂಗಡಿ ಖರ್ಚಿಗೆ ಹಾಕುವುದೂ ಇದೇ ಜಾತಿ. ಅದು ಡ್ರಾಯಿಂಗ್ಸ್, ಅಂದರೆ ಮಾಲೀಕ ಸ್ವಂತಕ್ಕೆ ತೆಗೆದುಕೊಂಡದ್ದು, ಬಂಡವಾಳದಿಂದ ಕಳೆಯಬೇಕು. ಖರ್ಚಿಗೆ ಹಾಕಿದರೆ ಲಾಭ ಇಳಿದು ಬಂಡವಾಳ ಅಷ್ಟೇ ಇಳಿಯುತ್ತದೆ, ಕೊನೆಯ ಅಂಕಿ ಒಂದೇ. ಹೊಸ ಫ್ರಿಜ್ಜನ್ನು 'ರಿಪೇರಿ' ಅಂತ ಬರೆದರೆ ಮಾತ್ರ ಮೊತ್ತ ಬದಲಾಗುತ್ತದೆ. ಆದರೆ ಲಾಭ ಕಡಿಮೆಯಾಗಿ ಎಡವೂ ಇಳಿಯುತ್ತದೆ, ಆಸ್ತಿ ಕಾಣದೆ ಬಲವೂ ಇಳಿಯುತ್ತದೆ, ತಾಳೆ ಆಗಿಯೇ ಇರುತ್ತದೆ.

ಹಾಗಾಗಿ ಇಲ್ಲಿ ಹೊರಗಿನ ಕಾಗದವೇ ಬೇಕು. ಸಾಲಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್. ರಿಪೇರಿ ಖಾತೆಯಲ್ಲಿ ದೊಡ್ಡ ಮೊತ್ತ ಕಂಡರೆ ಅದರ ಬಿಲ್ಲು. ಕರೆಂಟಿಗೆ ಬಿಲ್ಲಿನ ಮೇಲಿನ ವಿಳಾಸ. ಹುಡುಗನ ಹನ್ನೆರಡು ಬಿಲ್ಲೂ ಅಂಗಡಿಯದ್ದೇ, ಅದು ಬಚಾವಾಯಿತು.

ವರ್ಷದ ಮೊದಲ ಬಂಡವಾಳವನ್ನು ಹೋದ ವರ್ಷದ ಬ್ಯಾಲೆನ್ಸ್ ಶೀಟಿನ ಕೊನೆಯ ಬಂಡವಾಳಕ್ಕೆ ಹೋಲಿಸಿ. ಇವನದು 2,03,000, ಎರಡರಲ್ಲೂ ಒಂದೇ. ತೂಕಡಿಕೆ ಬರುವ ಹೊತ್ತಲ್ಲೂ ಈ ಒಂದು ಸಾಲು ಬಿಡಬೇಡಿ.

6. ಫೇರ್ ಕಾಪಿ

ಇದಾದ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ಬಾಲ್ ಪೆನ್ನು ಸಾಕು, ಜೆಲ್ ಪೆನ್ನು ತೆಳು ಲೆಡ್ಜರ್ ಹಾಳೆಯ ಹಿಂದೆ ಇಳಿದು 3 ಹೋಗಿ 8 ಆಗುತ್ತದೆ. ಬರೆದ ಮೇಲೆ ಎರಡನೇ ಹೆಜ್ಜೆಯನ್ನು ಇನ್ನೊಂದು ಸಲ ಮಾಡಿ, ಫೇರ್ ಮಾಡುವಾಗಲೂ ಅಂಕಿ ಉಲ್ಟಾ ಆಗುತ್ತದೆ. ಟಿಕ್ ಹಾಕಿದ ಹಳೆಯ ಹಾಳೆ ಎಸೆಯದೆ ಅದೇ ಫೈಲಿಗೆ ಸೇರಿಸಿ. ಹುಡುಗ ಅದನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ, ಕಿತ್ತುಕೊಂಡು ಪಂಚ್ ಮಾಡಿಸಿದೆ. ಮುಂದಿನ ತಿಂಗಳಿನಿಂದ ಇಎಂಐಗೆ ಎರಡು ಸಾಲು: ಬಡ್ಡಿ ಒಂದು, ಅಸಲು ಇನ್ನೊಂದು.